40 ನಿಮಿಷದ ಸಂದರ್ಶನ, ಐದು ನಿಮಿಷದ ಕತ್ತರಿ: ಎಡಿಟರ್‌ಗೆ ಟಿಪ್ಪಣಿ ಬರೆಯುವ ಬಗೆ

ನಾನು ಎಡಿಟರ್‌ಗೆ ಬರೆದ ಮೊದಲ ಟಿಪ್ಪಣಿ ಒಂದೇ ಸಾಲಿನದ್ದು. "21ನೇ ನಿಮಿಷದ ಹತ್ತಿರ ಬೋರು, ಸ್ವಲ್ಪ ನೋಡು." ಅವನು ಡೊಂಬಿವಲಿಯಿಂದ ಫೋನ್ ಮಾಡಿದ. "ಅಕ್ಕಾ, ಬೋರು ಯಾರಿಗೆ? ನಿಮಗಾ, ನೋಡೋರಿಗಾ? ಹತ್ತಿರ ಅಂದ್ರೆ ಎಷ್ಟು ಹತ್ತಿರ?"

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಟಿಪ್ಪಣಿ ಬರೆಯುವ ಕ್ರಮವನ್ನೇ ಬದಲಾಯಿಸಿದೆ. ಅದನ್ನೇ ಇಲ್ಲಿ ಒಂದು ನಿಜವಾದ ವಿಡಿಯೊ ಇಟ್ಟುಕೊಂಡು ಹೇಳುತ್ತೇನೆ.

ನಮ್ಮದು ಮುಂಬಯಿ ಕನ್ನಡಿಗರ ಒಂದು ಸಣ್ಣ ಯೂಟ್ಯೂಬ್ ಚಾನೆಲ್. ಅತಿಥಿ, ಉಡುಪಿ ಕಡೆಯ ಹಿರಿಯರು. 1961ರಲ್ಲಿ ಹದಿಮೂರು ವರ್ಷದ ಹುಡುಗನಾಗಿ ಬೊಂಬಾಯಿಗೆ ಬಂದು, ಹೋಟೆಲಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಪರೇಲಿನ ಮಿಲ್ ಒಂದರ ಕ್ಯಾಂಟೀನ್ ನಡೆಸಿದವರು. 1982ರ ಜನವರಿಯಲ್ಲಿ ಮಿಲ್ ಮುಷ್ಕರ ಶುರುವಾದಾಗ ಕ್ಯಾಂಟೀನ್ ಹೋಯಿತು. ಪ್ರಶ್ನೆ ಕೇಳಿದವರು ನಿವೃತ್ತ ಕನ್ನಡ ಮಾಸ್ತರರು. ನಮಗೆಲ್ಲ ಅವರು 'ಮಾಸ್ಟ್ರು'. ವಿಡಿಯೊ ಉದ್ದ 40 ನಿಮಿಷ 10 ಸೆಕೆಂಡ್. ಮೂರು ವಾರದಲ್ಲಿ ಸುಮಾರು 2,600 ವೀಕ್ಷಣೆ ಬಂದಿತ್ತು. ಮುಂದೆ ಬರುವ ಅಂಕಿಗಳೆಲ್ಲ ಈ ಒಂದೇ ವಿಡಿಯೊದವು. ನಿಮ್ಮ ವಿಡಿಯೊಕ್ಕೆ ಅವು ಅಳತೆಗೋಲಲ್ಲ.

ಗ್ರಾಫ್ ತೆರೆಯುವ ಮೊದಲು

ಗ್ರಾಫ್ ಎಲ್ಲಿದೆ ಅಂತ ಗೊತ್ತಿರಬಹುದು. YouTube Studioದಲ್ಲಿ `Content`, ಅಲ್ಲಿ ವಿಡಿಯೊ, ಅದರೊಳಗೆ `Analytics`. ಅಲ್ಲಿ `Key moments for audience retention` ಅಂತ ಒಂದು ಗೆರೆ ಸಿಗುತ್ತದೆ. ವಿಡಿಯೊದ ಯಾವ ಕ್ಷಣದಲ್ಲಿ ಶೇಕಡಾ ಎಷ್ಟು ಜನ ನೋಡುತ್ತಿದ್ದಾರೆ ಅಂತ ಅದು ತೋರಿಸುತ್ತದೆ. ವೀಕ್ಷಣೆ ನೂರು ದಾಟದಿದ್ದರೆ ಅದು ಕಾಣುವುದಿಲ್ಲ. ಹೊಸ ಅಂಕಿ ಬರಲಿಕ್ಕೂ ಒಂದೆರಡು ದಿನ ಬೇಕು. ನಾನು ಎರಡು ವಾರ ಆಗದೆ ಟಿಪ್ಪಣಿ ಬರೆಯುವುದಿಲ್ಲ. ಮೊದಲ ಎರಡು ದಿನ ನೋಡುವವರು ಅತಿಥಿಯ ಬಳಗ ಮತ್ತು ಸಂಘದವರು. ಅವರು ಏನಿದ್ದರೂ ನೋಡುತ್ತಾರೆ. ಅವರ ಗೆರೆ ಸುಳ್ಳು ಹೇಳುತ್ತದೆ.

ಆಮೇಲೆ ಒಂದು ಲೆಕ್ಕ. ಯೂಟ್ಯೂಬಿನ ದತ್ತಾಂಶವನ್ನು API, ಅಂದರೆ ಬೇರೆ ಪ್ರೋಗ್ರಾಂಗಳು ನೇರ ಅಂಕಿ ಪಡೆಯುವ ದಾರಿ, ಅದರ ಮೂಲಕ ತೆಗೆದರೆ ಈ ಗೆರೆ ನೂರು ಚುಕ್ಕಿಗಳಲ್ಲಿ ಬರುತ್ತದೆ. ವಿಡಿಯೊ ಎಷ್ಟೇ ಉದ್ದ ಇರಲಿ, ನೂರೇ ಚುಕ್ಕಿ. 40 ನಿಮಿಷ 10 ಸೆಕೆಂಡ್ ಅಂದರೆ 2,410 ಸೆಕೆಂಡ್. ನೂರರಿಂದ ಭಾಗಿಸಿದರೆ ಒಂದೊಂದು ಚುಕ್ಕಿಗೆ 24 ಸೆಕೆಂಡ್. ನಾಲ್ಕು ನಿಮಿಷದ ವಿಡಿಯೊದಲ್ಲಿ ಒಂದು ಚುಕ್ಕಿ ಎರಡೂವರೆ ಸೆಕೆಂಡಿಗೂ ಕಡಿಮೆ. ನಮ್ಮದರಲ್ಲಿ 24 ಸೆಕೆಂಡಿನಲ್ಲಿ ಮಾಸ್ಟ್ರು ಎರಡು ವಾಕ್ಯ ಮುಗಿಸಿ ಮೂರನೆಯದಕ್ಕೆ ಕೈ ಹಾಕಿರುತ್ತಾರೆ.

ಹಾಗಾಗಿ ಗ್ರಾಫಿನ ಮೇಲೆ 7:12 ಅಂತ ಕಂಡರೆ ಅದನ್ನೇ ಕತ್ತರಿಸುವ ಜಾಗ ಅಂತ ಬರೆಯಬೇಡಿ. ಗ್ರಾಫ್ ನಿಮಗೆ ಬೀದಿ ತೋರಿಸುತ್ತದೆ, ಮನೆ ನಂಬರ್ ಅಲ್ಲ. ನಾನು ಇಳಿತ ಕಂಡ ಜಾಗದಿಂದ 45 ಸೆಕೆಂಡ್ ಹಿಂದೆ ಹೋಗಿ, ಅಲ್ಲಿಂದ ಕಿವಿಗೆ ಇಯರ್‌ಫೋನ್ ಹಾಕಿ ಕೇಳುತ್ತೇನೆ. ಕಾರಣ ಯಾವಾಗಲೂ ಇಳಿತಕ್ಕಿಂತ ಹಿಂದೆ ಇರುತ್ತದೆ. ಮನುಷ್ಯನಿಗೆ ಬೇಸರ ಆಗಿ, ಫೋನ್ ಮೇಲೆ ಬೆರಳು ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಸೆಕೆಂಡ್ ಆಗಿಹೋಗಿರುತ್ತದೆ.

ಇನ್ನೊಂದು ಮಾತು, ಸಣ್ಣ ಚಾನೆಲ್‌ನವರಿಗೆ. 2,600 ವೀಕ್ಷಣೆಯಲ್ಲಿ ಶೇಕಡಾ 1 ಅಂದರೆ 26 ಜನ. 300 ವೀಕ್ಷಣೆ ಇದ್ದರೆ ಶೇಕಡಾ 1 ಅಂದರೆ ಮೂರೇ ಜನ. ಆ ಮೂವರಲ್ಲಿ ಒಬ್ಬರಿಗೆ ಕುಕ್ಕರ್ ಸೀಟಿ ಹೊಡೆದಿರಬಹುದು. ನಾನು ಶೇಕಡಾ 3ಕ್ಕಿಂತ ಸಣ್ಣ ಇಳಿತವನ್ನು ಟಿಪ್ಪಣಿಗೆ ಸೇರಿಸುವುದೇ ಇಲ್ಲ.

ಮೂರು ಆಕಾರ: ಗುಂಡಿ, ಮೆಟ್ಟಿಲು, ಇಳಿಜಾರು

ಎಲ್ಲ ಇಳಿತವೂ ಒಂದೇ ಅಲ್ಲ. ಇದನ್ನು ಬೇರೆ ಮಾಡದೆ ಬರೆದ ಟಿಪ್ಪಣಿಯಿಂದ ಎಡಿಟರ್ ತಪ್ಪು ಜಾಗ ಕತ್ತರಿಸುತ್ತಾನೆ.

ಗುಂಡಿ ಅಂದರೆ ಗೆರೆ ಕೆಳಗೆ ಹೋಗಿ ಮತ್ತೆ ಮೇಲೆ ಬರುವುದು. ಮಳೆಗಾಲದಲ್ಲಿ ಮುಂಬಯಿ ರಸ್ತೆ ನೆನಪಿಸಿಕೊಳ್ಳಿ. ರಿಕ್ಷಾದವನು ಗುಂಡಿ ಸುತ್ತಿ ಹೋಗಿ ಮತ್ತೆ ಅದೇ ದಾರಿಗೆ ಬರುತ್ತಾನೆ. ಇಲ್ಲಿಯೂ ಅಷ್ಟೇ. ಜನ ಬಿಟ್ಟು ಹೋಗಿಲ್ಲ, ಆ ಭಾಗ ಹಾರಿಸಿ ಮುಂದೆ ಬಂದಿದ್ದಾರೆ. ಫೋನಿನಲ್ಲಿ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡ್ ಮುಂದೆ ಹೋಗುತ್ತದಲ್ವಾ, ಅದು. ಗುಂಡಿ ಒಳ್ಳೆಯ ಸುದ್ದಿ. ಮುಂದಿನದು ಅವರಿಗೆ ಬೇಕು, ಇದು ಬೇಡ. ಇಂಥಲ್ಲಿ ಕತ್ತರಿ ಧೈರ್ಯವಾಗಿ ಹಾಕಬಹುದು.

ಮೆಟ್ಟಿಲು ಅಂದರೆ ಒಮ್ಮೆಲೇ ಧಡಕ್ಕನೆ ಇಳಿದು, ಆ ಕೆಳಗಿನ ಮಟ್ಟದಲ್ಲೇ ಮುಂದುವರಿಯುವುದು. ಒಂದೇ ಕ್ಷಣದಲ್ಲಿ ತುಂಬ ಜನ ಎದ್ದು ಹೋಗಿದ್ದಾರೆ. ಇದಕ್ಕೆ ಹೆಚ್ಚಾಗಿ ಮಾತು ಕಾರಣ ಅಲ್ಲ. ಜಾಹೀರಾತು, ದನಿ ಹೋಗುವುದು, ಅಥವಾ "ಕೊನೆಯದಾಗಿ" ಅನ್ನುವ ಪದ.

ಇಳಿಜಾರು ನಿಧಾನವಾಗಿ ಜಾರುವುದು. ಎಲ್ಲ ವಿಡಿಯೊದಲ್ಲೂ ಗೆರೆ ಸ್ವಲ್ಪ ಜಾರುತ್ತಲೇ ಇರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಕ್ಕಪಕ್ಕದ ಭಾಗಕ್ಕಿಂತ ಕಡಿದಾಗಿ ಜಾರಿದ್ದರೆ ಮಾತ್ರ ಬರೆಯಿರಿ. ಇದೇ ಕಷ್ಟದ್ದು. ಇಲ್ಲಿ ಒಂದು ಜಾಗ ಅಂತ ಇಲ್ಲ, ಇಡೀ ಭಾಗವೇ ಉದ್ದವಾಗಿದೆ ಅಂತ ಅರ್ಥ.

ಗುಂಡಿ: ಮಾಸ್ಟ್ರ ಪ್ರಶ್ನೆ

ನಮ್ಮ ವಿಡಿಯೊದ 6:36ರಲ್ಲಿ ಗೆರೆ ಶೇಕಡಾ 43. 7:12ಕ್ಕೆ 33. ಎಂಟನೇ ನಿಮಿಷಕ್ಕೆ ಮತ್ತೆ 41. ಅಂದರೆ ಸುಮಾರು 260 ಜನ ಹಾರಿಸಿದರು. ನಿಜವಾಗಿ ಬಿಟ್ಟು ಹೋದವರು ಐವತ್ತು ಚಿಲ್ಲರೆ.

ಕೇಳಿ ನೋಡಿದೆ. ಮಾಸ್ಟ್ರು ಪ್ರಶ್ನೆ ಕೇಳುತ್ತಿದ್ದಾರೆ. ಕೇಳುತ್ತಲೇ ಇದ್ದಾರೆ. ನಾನು ಅದನ್ನು ಪೂರ್ತಿ ಬರೆದುಕೊಂಡೆ. ಸ್ವಲ್ಪ ಮೊಟಕು ಮಾಡಿದರೆ ಹೀಗಿದೆ:

"ನನ್ನ ಚಿಕ್ಕಪ್ಪ ಬೊಂಬಾಯಿಗೆ ಬಂದದ್ದು ಬಸ್ಸಲ್ಲಿ, ದಾರಿ ಇಡೀ ವಾಂತಿ. ಆಗ ರೈಲು ಎಲ್ಲಿತ್ತು? ಕೊಂಕಣ ರೈಲು ಪೂರ್ತಿ ಆದದ್ದೇ 1998ರಲ್ಲಿ. ಈಗಿನ ಮಕ್ಕಳು ರಾತ್ರಿ ಹತ್ತಿ ಬೆಳಿಗ್ಗೆ ಇಳೀತಾರೆ, ಅವರಿಗೆ ಇದು ಗೊತ್ತಾಗೋದಿಲ್ಲ. ನಾನು ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಹೇಳ್ತಿದ್ದೆ, ವಲಸೆ ಅಂದ್ರೆ ಬರೀ ಊರು ಬಿಡೋದಲ್ಲ ಅಂತ. ಇರಲಿ, ಅದೊಂದು ದೊಡ್ಡ ಕಥೆ. ನಾನು ಕೇಳಬೇಕು ಅಂತ ಇದ್ದದ್ದು ಏನು ಅಂದ್ರೆ, ಹದಿಮೂರು ವರ್ಷದ ಹುಡುಗ, ಭಾಷೆ ಗೊತ್ತಿಲ್ಲ. ಮೊದಲ ರಾತ್ರಿ ಎಲ್ಲಿ ಮಲಗಿದ್ರಿ?"

ಕೊನೆಯ ಎರಡು ವಾಕ್ಯ ಎಷ್ಟು ಚೆನ್ನಾಗಿವೆ ನೋಡಿ. ಪ್ರಶ್ನೆ ಅವೇ. ಉಳಿದದ್ದೆಲ್ಲ ಗಂಟಲು ಸರಿ ಮಾಡಿಕೊಳ್ಳುವುದು.

ನನ್ನ ಮೊದಲ ಯೋಚನೆ, ಚಿಕ್ಕಪ್ಪನಿಂದ "ಅಂದ್ರೆ" ತನಕ ಎಲ್ಲ ತೆಗೆಯುವುದು. 6:38ರಿಂದ 7:52. ಅದೃಷ್ಟಕ್ಕೆ ಉತ್ತರವನ್ನೂ ಕೇಳಿದೆ. 8:31ರಲ್ಲಿ ಹಿರಿಯರು ಹೇಳುತ್ತಾರೆ: "ನಿಮ್ಮ ಚಿಕ್ಕಪ್ಪನ ಹಾಗೇ, ನಾನೂ ವಾಂತಿ ಮಾಡಿಕೊಂಡೇ ಬಂದದ್ದು." ಇಬ್ಬರೂ ನಗುತ್ತಾರೆ. ಚಿಕ್ಕಪ್ಪನನ್ನು ತೆಗೆದಿದ್ದರೆ ಈ ನಗು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಕತ್ತರಿಯನ್ನು ಹತ್ತು ಸೆಕೆಂಡ್ ಮುಂದಕ್ಕೆ ಸರಿಸಿದೆ. ಚಿಕ್ಕಪ್ಪ ಉಳಿದರು. ಕೊಂಕಣ ರೈಲು ಹೋಯಿತು.

ಸಂದರ್ಶನದಲ್ಲಿ ಪ್ರತಿ ಕತ್ತರಿಗೂ ಈ ಪರೀಕ್ಷೆ ಬೇಕು. ತೆಗೆಯುವ ಭಾಗದಲ್ಲಿ ಬಂದ ಹೆಸರು, ಊರು, ಜೋಕು ಮುಂದೆ ಎಲ್ಲಾದರೂ ಮತ್ತೆ ಬರುತ್ತದೆಯೇ? "ಆಗಲೇ ಹೇಳಿದೆನಲ್ಲ", "ಅವರೇ", "ಅದೇ ಹೋಟೆಲು" ಅನ್ನುವ ಮಾತುಗಳಿಗೆ ಕಿವಿ ಕೊಡಿ. ಗ್ರಾಫ್ ಇದನ್ನು ಹೇಳುವುದಿಲ್ಲ. ಎಡಿಟರ್‌ಗೂ ಮೂವತ್ತು ವಿಡಿಯೊ ಮಧ್ಯೆ ನೆನಪಿರುವುದಿಲ್ಲ. ಇದು ಟಿಪ್ಪಣಿ ಬರೆಯುವವರ ಕೆಲಸ.

ಟಿಪ್ಪಣಿಯಲ್ಲಿ ಅದು ಹೀಗೆ ಹೋಯಿತು:

> 6:48 – 7:52 ತೆಗೆ (1 ನಿ. 4 ಸೆ.)
> ಉಳಿಯುವ ಕೊನೆಯ ಮಾತು: "...ದಾರಿ ಇಡೀ ವಾಂತಿ."
> ಮುಂದೆ ಶುರುವಾಗುವ ಮಾತು: "ಹದಿಮೂರು ವರ್ಷದ ಹುಡುಗ..."
> ಆಕಾರ: ಗುಂಡಿ, 43 – 33 – 41. ಹಾರಿಸಿದ್ದಾರೆ, ಬಿಟ್ಟಿಲ್ಲ.
> ಕಾರಣ: ಪ್ರಶ್ನೆಗೆ ಮೊದಲು ಪೀಠಿಕೆ ಉದ್ದ.
> ಎಚ್ಚರ: ಚಿಕ್ಕಪ್ಪನ ಮಾತು ತೆಗೆಯಬೇಡ. 8:31ರ ನಗುವಿಗೆ ಅದು ಬೇಕು.
> ಖಚಿತ.

ಸಮಯ ಕೊಟ್ಟ ಮೇಲೆ ಮಾತು ಯಾಕೆ ಅಂತ ಕೇಳಬಹುದು. ನಾನು ನೋಡುವುದು ಯೂಟ್ಯೂಬಿನ ಗಡಿಯಾರ. ಅವನು ನೋಡುವುದು ಅವನ ಟೈಮ್‌ಲೈನ್. ವಿಡಿಯೊದ ಆರಂಭದಲ್ಲಿ ಬರುವ ನಮ್ಮ ಚಾನೆಲ್ಲಿನ 12 ಸೆಕೆಂಡಿನ ಅನಿಮೇಷನ್, ಎಡಿಟಿಂಗ್ ಎಲ್ಲ ಮುಗಿದ ಮೇಲೆ ಬೇರೆ ಪ್ರಾಜೆಕ್ಟಿನಲ್ಲಿ ಅಂಟಿಸಿದ್ದು. ಹಾಗಾಗಿ ಅವನ ಟೈಮ್‌ಲೈನಿನಲ್ಲಿ ಅದರ ನಂತರದ್ದೆಲ್ಲ 12 ಸೆಕೆಂಡ್ ಮುಂಚೆ. ಒಮ್ಮೆ ಇದೇ ಕಾರಣಕ್ಕೆ ಒಬ್ಬ ಅತಿಥಿಯ ಒಳ್ಳೆಯ ಉತ್ತರದ ಮೊದಲ ವಾಕ್ಯ ಹಾರಿಹೋಗಿತ್ತು. ಗಡಿಯಾರ ತಪ್ಪಬಹುದು, "ಹದಿಮೂರು ವರ್ಷದ ಹುಡುಗ" ತಪ್ಪುವುದಿಲ್ಲ.

'ಕಾರಣ' ಸಾಲಿನಲ್ಲಿ ನಾನು "ಮಾಸ್ಟ್ರು ತುಂಬಾ ಮಾತಾಡ್ತಾರೆ" ಅಂತ ಬರೆದಿಲ್ಲ. ಟಿಪ್ಪಣಿ ವಾಟ್ಸಾಪಿನಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಿಕ್ಕಾಗದು. ವಾಕ್ಯದ ಬಗ್ಗೆ ಬರೆಯಿರಿ, ಮನುಷ್ಯರ ಬಗ್ಗೆ ಬೇಡ. ಈ ಸಲ ಅದು ಮಾಸ್ಟ್ರ ಕೈಗೂ ಸಿಕ್ಕಿತು. "ಪೀಠಿಕೆ ಉದ್ದ ಆಯ್ತಾ?" ಅಂದರು, ಅಷ್ಟೇ.

ಇಳಿಜಾರು: ಹೆಸರುಗಳ ಪಟ್ಟಿ

ನಮ್ಮ ವಿಡಿಯೊದ ದೊಡ್ಡ ನಷ್ಟ ಇಲ್ಲಿ. 21:05ಕ್ಕೆ ಗೆರೆ 35ರಲ್ಲಿದೆ. 22:50ಕ್ಕೆ 27. ಆಮೇಲೆ ಮೇಲೆ ಬರುವುದೇ ಇಲ್ಲ. ಇನ್ನೂರಕ್ಕೂ ಜಾಸ್ತಿ ಜನ ಬಿಟ್ಟು ಹೋದರು. ಅವರು ಹೋದ ಮೇಲೆ ಬಂದದ್ದೇ ಮುಷ್ಕರದ ಕಥೆ, ಇಡೀ ಸಂದರ್ಶನದ ಜೀವಾಳ. ಅವರು ಅದನ್ನು ನೋಡಲೇ ಇಲ್ಲ.

ಏನಿತ್ತು ಅಂದರೆ, ಹಿರಿಯರು ತಮಗೆ ಸಹಾಯ ಮಾಡಿದವರ ಹೆಸರು ಹೇಳುತ್ತಾರೆ. ಮೊದಲು, 20:48ರಲ್ಲಿ, ಹೋಟೆಲಿನ ಕ್ಯಾಷಿಯರ್ ಒಬ್ಬರು. ಕಪ್ಪು ತೊಳೆಯುವ ಹುಡುಗನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ರಾತ್ರಿ ಶಾಲೆಯಲ್ಲಿ ಹೆಸರು ಬರೆಸಿದವರು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಅವರದೇ ಖರ್ಚು. ಆಮೇಲೆ ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಅವರ ನಂತರದ ಅಧ್ಯಕ್ಷರು, ಅವರ ಅಣ್ಣ, ಅಣ್ಣನ ಬೀಗರು. ಒಂದು ನಿಮಿಷ ನಲವತ್ತೈದು ಸೆಕೆಂಡ್. ಮದುವೆ ಕಾಗದದ ಹಾಗೆ.

ಆದರೆ ಗ್ರಾಫ್ ಇಲ್ಲಿ ಒಂದು ತಮಾಷೆ ಮಾಡಿತ್ತು. 20:48ರ ಹತ್ತಿರ ಸಣ್ಣ ಏರು, 36ರಿಂದ 38. ಏರು ಕಂಡರೆ "ಜನರಿಗೆ ಇಷ್ಟ ಆಗಿದೆ" ಅಂದುಕೊಳ್ಳುವುದು ಸಹಜ. ವಿಚಾರಿಸಿದೆ. ಆ ಕ್ಯಾಷಿಯರ್ ಮೊಮ್ಮಗಳು ಮನೆಯವರ ಗುಂಪಿಗೆ ಕೊಂಡಿ ಕಳಿಸಿದ್ದಳು, ಸಮಯ ಸಮೇತ, ಕೊನೆಯಲ್ಲಿ `t=1248` ಅಂತ. ಅಜ್ಜನ ಹೆಸರು ಕೇಳಲಿಕ್ಕೆ ಎಲ್ಲರೂ ನೇರ ಅಲ್ಲಿಗೇ ಬಂದು, ಕೇಳಿ, ಹೋದರು. ಸಮುದಾಯದ ಚಾನೆಲ್‌ಗಳಲ್ಲಿ ಇಂಥ ಏರು ಜಾಸ್ತಿ. ಏರು ಕಂಡಲ್ಲಿ ಮಾತು ಚೆನ್ನಾಗಿದೆಯೋ, ಬರೀ ನೆಂಟರು ಬಂದಿದ್ದಾರೋ ಅಂತ ಕೇಳಿಯೇ ತಿಳಿಯಬೇಕು. ಇಲ್ಲಿ ಎರಡೂ ನಿಜ. ಪೆನ್ಸಿಲಿನ ಕಥೆ ಚೆನ್ನಾಗಿಯೂ ಇದೆ.

ಈಗ ಹೆಸರುಗಳನ್ನು ಏನು ಮಾಡುವುದು? ಗ್ರಾಫ್ ಪ್ರಕಾರ ತೆಗೆಯಬೇಕು. ಆದರೆ ಹಿರಿಯರು ಅರವತ್ತು ವರ್ಷದ ಋಣ ತೀರಿಸುತ್ತಿದ್ದಾರೆ. ಕೇಳದೆ ತೆಗೆದರೆ ನಾಳೆ ಮಾಟುಂಗದಲ್ಲಿ ಯಾರ ಮುಖ ನೋಡುವುದು? ನಾನು ಫೋನ್ ಮಾಡಿ ಕೇಳಿದೆ. ಹೆಸರುಗಳನ್ನೆಲ್ಲ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆದು ಹಾಕುತ್ತೇವೆ, ಯಾರೂ ಬಿಟ್ಟುಹೋಗುವುದಿಲ್ಲ ಅಂದೆ. "ಬರೆದು ಹಾಕಿದ್ರೆ ಇನ್ನೂ ಒಳ್ಳೇದು ಮಗಾ, ನಾನು ಎರಡು ಹೆಸರು ಮರೆತಿದ್ದೆ" ಅಂದರು.

> 21:05 – 22:50 ತೆಗೆ (1 ನಿ. 45 ಸೆ.) — ಎಲ್ಲಕ್ಕಿಂತ ಮುಖ್ಯ ಇದು
> ಉಳಿಯುವ ಕೊನೆಯ ಮಾತು: "...ಪೆನ್ಸಿಲೂ ಅವರೇ ಕೊಟ್ಟದ್ದು."
> ಮುಂದೆ ಶುರುವಾಗುವ ಮಾತು: "ಹಾಗೆ ಮಿಲ್ಲಿನ ಕ್ಯಾಂಟೀನು ನನ್ನ ಕೈಗೆ ಬಂತು."
> ಆಕಾರ: ಇಳಿಜಾರು, 35 – 27. ವಾಪಸ್ ಬಂದಿಲ್ಲ.
> ಕಾರಣ: ಹೆಸರುಗಳಿಗೆ ಕಥೆ ಇಲ್ಲ. ಕ್ಯಾಷಿಯರ್‌ಗೆ ಇದೆ, ಅದು ಇರಲಿ.
> ಅತಿಥಿಯನ್ನು ಕೇಳಿದ್ದೇನೆ. ಪಟ್ಟಿ ವಿವರಣೆಗೆ ಹೋಗುತ್ತದೆ, ನಾನೇ ಹಾಕುತ್ತೇನೆ.
> ಖಚಿತ.

ಕತ್ತರಿ ಬೇಡದ ಕಡೆ

12:36ರಲ್ಲಿ ಮೆಟ್ಟಿಲು, 41ರಿಂದ 37. ಮಾತಿನಲ್ಲಿ ಏನೂ ತಪ್ಪಿಲ್ಲ. ಹಿರಿಯರು "ಆವತ್ತು ಮಾಲೀಕರು ನನ್ನನ್ನ ಕರೆದು..." ಅನ್ನುವಾಗ ಸರಿಯಾಗಿ ಮಧ್ಯದಲ್ಲಿ ಜಾಹೀರಾತು. ಯೂಟ್ಯೂಬ್ ತಾನೇ ಹಾಕಿಕೊಂಡ ಜಾಗ. ಎಂಟು ನಿಮಿಷಕ್ಕಿಂತ ಉದ್ದದ ವಿಡಿಯೊದಲ್ಲಿ ನಡುವೆ ಜಾಹೀರಾತು ಬರಬಹುದು. ಅದರ ಜಾಗವನ್ನು ನಾವೇ ಬದಲಿಸಬಹುದು. 13:28ರಲ್ಲಿ ಅವರು ಮಾತು ಮುಗಿಸಿ ಚಾ ಕುಡಿಯುತ್ತಾರೆ, ಅಲ್ಲಿಗೆ ಸರಿಸಿದೆವು. ಇದನ್ನು ಎಡಿಟರ್‌ಗೆ ತಿಳಿಸಲೇಬೇಕು. ಇಲ್ಲದಿದ್ದರೆ ಅವನೂ ಗ್ರಾಫ್ ನೋಡಿ ಪಾಪದ ಮಾಲೀಕರನ್ನು ಕತ್ತರಿಸುತ್ತಾನೆ.

27:50ರಿಂದ 29:05ರ ತನಕ ಇನ್ನೊಂದು ಗುಂಡಿ, 26ರಿಂದ 21ಕ್ಕೆ ಇಳಿದು ಮತ್ತೆ 25. ಕ್ಯಾಂಟೀನ್ ಮುಚ್ಚಿದ ದಿನದ ಮಾತು ಬಂದಾಗ ಹಿರಿಯರು ತಮಗೆ ಗೊತ್ತಿಲ್ಲದೆ ತುಳುವಿಗೆ ಹೋಗುತ್ತಾರೆ. ಮಾಸ್ಟ್ರೂ ತುಳುವಿನಲ್ಲೇ ಹೂಂಗುಡುತ್ತಾರೆ. ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಅರ್ಥ ಆಗದೆ ಹಾರಿಸಿದ್ದಾರೆ ಅಂತ ನನ್ನ ಅಂದಾಜು. ಗುಂಡಿಯಾದರೂ ಇಲ್ಲಿ ಕತ್ತರಿ ಬೇಡ. ಬೇಕಾದದ್ದು ಕನ್ನಡ ಉಪಶೀರ್ಷಿಕೆ. ಆ ಒಂದೂಕಾಲು ನಿಮಿಷಕ್ಕೆ ನಾನೇ ಬರೆದು ಕೊಟ್ಟೆ. ಪ್ರಕಟವಾದ ವಿಡಿಯೊದಲ್ಲಿ ಅದನ್ನು ಚಿತ್ರದ ಮೇಲೆ ಅಚ್ಚು ಹಾಕಲಿಕ್ಕೆ ಆಗುವುದಿಲ್ಲ, ನೋಡುವವರು ಆನ್ ಮಾಡಿಕೊಳ್ಳಬೇಕು. ಇದು ಅರ್ಧ ಪರಿಹಾರವೇ. ಟಿಪ್ಪಣಿಯಲ್ಲಿ ಹಾಗಂತಲೇ ಬರೆದೆ.

ಮತ್ತೆ 33:20ರ ಮೌನ. ಒಂಬತ್ತು ಸೆಕೆಂಡ್ ಹಿರಿಯರು ಏನೂ ಹೇಳುವುದಿಲ್ಲ, ಮೇಜಿನ ಮೇಲಿನ ಲೋಟ ತಿರುಗಿಸುತ್ತಾರೆ. ಎಡಿಟರ್‌ಗಳ ಕೈ ಇಂಥ ಕಡೆ ತುರಿಸುತ್ತದೆ. ಗೆರೆ ಅಲ್ಲಿ ಚಪ್ಪಟೆ. ಯಾರೂ ಅಲುಗಿಲ್ಲ. "33:20 ಮುಟ್ಟಬೇಡ" ಅಂತ ಬರೆದೆ. ಮುಟ್ಟಬಾರದ ಜಾಗಗಳ ಸಾಲು ಎರಡಾದರೂ ಇರಲಿ. ಕತ್ತರಿ ಕೈಯಲ್ಲಿದ್ದಾಗ ಎಲ್ಲವೂ ಬಟ್ಟೆಯ ಹಾಗೇ ಕಾಣುತ್ತದೆ.

ತಲೆ ಮತ್ತು ಬಾಲ

ಆರಂಭದಲ್ಲಿ ಗೆರೆ ಬೀಳದ ವಿಡಿಯೊ ನಾನು ನೋಡಿಲ್ಲ. ನಮ್ಮದರಲ್ಲಿ ಮೂವತ್ತನೇ ಸೆಕೆಂಡಿಗೆ 58, 1:41ಕ್ಕೆ 46. ನಡುವೆ ಇದ್ದದ್ದು ಅನಿಮೇಷನ್, ಸ್ವಾಗತ, ಸಹಕರಿಸಿದವರಿಗೆ ವಂದನೆ. 0:22ರಿಂದ 1:41 ತೆಗೆಯಲು ಬರೆದೆ, 1 ನಿಮಿಷ 19 ಸೆಕೆಂಡ್. ಮಾಸ್ಟ್ರ "ನಮಸ್ಕಾರ" ಉಳಿಯಿತು, ಅದು ಮರ್ಯಾದೆ.

ಕೊನೆಯಲ್ಲಿ 38:18ಕ್ಕೆ ಮೆಟ್ಟಿಲು, 19ರಿಂದ 9. ಮಾಸ್ಟ್ರು "ಕೊನೆಯದಾಗಿ ಒಂದು ಮಾತು" ಅಂದರು. ಊಟದ ಮನೆಯಲ್ಲಿ ಮಜ್ಜಿಗೆ ಬಂದ ಹಾಗೆ, ಜನ ಎದ್ದರು. ಆಮೇಲೆ ವಂದನಾರ್ಪಣೆ. 38:18ರಿಂದ 39:26 ತೆಗೆಯಿರಿ ಅಂದೆ, 1 ನಿಮಿಷ 8 ಸೆಕೆಂಡ್. ಹಿಂದೆ ಉಳಿದ 44 ಸೆಕೆಂಡಿನಲ್ಲಿ ಹಿರಿಯರು ಒಂದು ಒಳ್ಳೆಯ ಮಾತು ಹೇಳಿ ಕೈ ಮುಗಿಯುತ್ತಾರೆ. ಆ 44 ಸೆಕೆಂಡ್ ಬೇಕೇಬೇಕು, ಯಾಕೆಂದರೆ ಮುಂದಿನ ವಿಡಿಯೊ ತೋರಿಸುವ ಕೊನೆಯ ಪರದೆಗೆ 5ರಿಂದ 20 ಸೆಕೆಂಡ್ ಜಾಗ ಬೇಕಾಗುತ್ತದೆ. ಅದು ಹಿರಿಯರ ಮುಖದ ಮೇಲೆ ಬರಬಾರದು.

ಎರಡು ಪಟ್ಟಿ, ಹಿಂದಿನಿಂದ ಮುಂದಕ್ಕೆ

ಪ್ರಕಟವಾದ ವಿಡಿಯೊಕ್ಕೆ ಹೊಸ ಫೈಲ್ ಬದಲಿಸಿ ಹಾಕಲಿಕ್ಕೆ ಯೂಟ್ಯೂಬ್ ಬಿಡುವುದಿಲ್ಲ. ಕೊಂಡಿ, ವೀಕ್ಷಣೆ ಉಳಿಸಿಕೊಂಡೇ ತಿದ್ದಬೇಕು ಅಂದರೆ Studioದ `Editor` ಒಳಗಿನ `Trim & cut` ಒಂದೇ ದಾರಿ. ಅದರಲ್ಲಿ ತೆಗೆಯಬಹುದು, ಸೇರಿಸಲಿಕ್ಕಾಗದು. ಹಿಂದೆ ಮುಂದೆ ಮಾಡಲಿಕ್ಕಾಗದು. ಕತ್ತರಿ ಬಿದ್ದಲ್ಲಿ ಮುಖ ಒಮ್ಮೆ ಜಿಗಿಯುತ್ತದೆ. ಅದನ್ನು ಎರಡನೇ ಕ್ಯಾಮೆರಾದಿಂದ ಮುಚ್ಚುವ ಉಪಾಯ ಇಲ್ಲ. 1,00,000ಕ್ಕಿಂತ ಜಾಸ್ತಿ ವೀಕ್ಷಣೆ ಇರುವ ವಿಡಿಯೊದಲ್ಲಿ, ಪಾರ್ಟ್ನರ್ ಪ್ರೋಗ್ರಾಂನಲ್ಲಿ ಇಲ್ಲದ ಚಾನೆಲ್ ಈ ತಿದ್ದುಪಡಿಯನ್ನು ಉಳಿಸಲಿಕ್ಕೂ ಆಗುವುದಿಲ್ಲ. ನಮಗೆ ಆ ಭಯ ಇಲ್ಲ ಬಿಡಿ.

ಅದಕ್ಕೇ ಟಿಪ್ಪಣಿಯಲ್ಲಿ ಎರಡು ಪಟ್ಟಿ. ಒಂದು, ಈಗಲೇ ತೆಗೆಯಬಹುದಾದ ನಾಲ್ಕು ಭಾಗ. ಇನ್ನೊಂದು, ಮುಂದೆ ಇದರಿಂದ ಸಣ್ಣ ವಿಡಿಯೊ ಮಾಡುವಾಗ ಬೇಕಾದದ್ದು: ಮೊದಲ ರಾತ್ರಿ ಮೇಜಿನ ಮೇಲೆ ಮಲಗಿದೆ ಅಂತ ಹಿರಿಯರು ಹೇಳುವ ಮಾತನ್ನು ಆರಂಭಕ್ಕೆ ತರುವುದು, ತುಳುವಿನ ಭಾಗಕ್ಕೆ ಅಕ್ಷರ ಅಚ್ಚು ಹಾಕುವುದು. ಎರಡನ್ನೂ ಬೆರೆಸಿ ಬರೆದರೆ ಎಡಿಟರ್ ಅರ್ಧ ದಿನ "ಇದು ಇಲ್ಲಿ ಆಗೋದಿಲ್ಲ ಅಕ್ಕಾ" ಅಂತ ಫೋನ್ ಮಾಡುವುದರಲ್ಲೇ ಕಳೆಯುತ್ತಾನೆ.

ಮೊದಲ ಪಟ್ಟಿಯನ್ನು ಕೊನೆಯಿಂದ ಬರೆಯಿರಿ. 38:18, ಆಮೇಲೆ 21:05, ಆಮೇಲೆ 6:48, ಕೊನೆಗೆ 0:22. ಟೈಮ್‌ಲೈನಿನಲ್ಲಿ ಮುಂದಿನಿಂದ ಕತ್ತರಿಸುತ್ತ ಬಂದರೆ ಪ್ರತಿ ಸಲವೂ ಉಳಿದ ಸಮಯಗಳೆಲ್ಲ ಜಾರುತ್ತವೆ. ಹಿಂದಿನಿಂದ ಬಂದರೆ ಯಾವುದೂ ಜಾರುವುದಿಲ್ಲ. ಇದನ್ನು ಕಲಿಸಿದವನು ನನ್ನ ಎಡಿಟರೇ.

ನಾಲ್ಕು ಕತ್ತರಿ ಸೇರಿ 5 ನಿಮಿಷ 16 ಸೆಕೆಂಡ್. ಹೊಸ ಉದ್ದ 34 ನಿಮಿಷ 54 ಸೆಕೆಂಡ್.

ಉಳಿಸಿದ ಮೇಲೆ

ಬದಲಾವಣೆ ಕಾಣಲಿಕ್ಕೆ ಕೆಲವು ಗಂಟೆ ಬೇಕಾಗಬಹುದು. ಅಲ್ಲಿಯವರೆಗೆ ಹಳೆಯದೇ ಓಡುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ಉಳಿಸಬೇಡಿ.

ಫಲಿತಾಂಶ ನೋಡುವಾಗ ಒಂದು ಮೋಸಕ್ಕೆ ಬೀಳಬೇಡಿ. ನಮ್ಮಲ್ಲಿ ಸರಾಸರಿ ನೋಡುವ ಸಮಯ 13 ನಿಮಿಷ 14 ಸೆಕೆಂಡ್ ಇತ್ತು, ಅಂದರೆ ಶೇಕಡಾ 33. ವಿಡಿಯೊ ಸಣ್ಣದಾದ ಮೇಲೆ ಜನ ಅದೇ 13 ನಿಮಿಷ 14 ಸೆಕೆಂಡ್ ನೋಡಿದರೂ ಶೇಕಡಾ 38 ಆಗುತ್ತದೆ. ಯಾರೂ ಒಂದು ಸೆಕೆಂಡ್ ಜಾಸ್ತಿ ನೋಡಿಲ್ಲ, ಆದರೂ ಅಂಕಿ ಏರಿತು. ನಾನು ಶೇಕಡಾವಾರು ಬಿಟ್ಟು ನಿಮಿಷವನ್ನೇ ನೋಡುತ್ತೇನೆ, ತಿದ್ದಿದ ದಿನದ ನಂತರದ ದಿನಾಂಕಗಳನ್ನು ಮಾತ್ರ ಆರಿಸಿ. ಹಳೆಯ ವಿಡಿಯೊಕ್ಕೆ ಹೊಸ ಜನ ಕಡಿಮೆ ಬರುವುದರಿಂದ ಇದಕ್ಕೆ ತಿಂಗಳಾದರೂ ಬೇಕು.

ಕೊನೆಯ ಕೆಲಸ ಅಧ್ಯಾಯಗಳು. ವಿವರಣೆಯಲ್ಲಿ ನಾವು ಕೈಯಾರೆ ಬರೆದ ಸಮಯಗಳು ತಾವಾಗಿ ಬದಲಾಗುವುದಿಲ್ಲ. ಪ್ರತಿಯೊಂದರಿಂದಲೂ ಅದಕ್ಕಿಂತ ಮುಂಚೆ ತೆಗೆದ ಸಮಯವನ್ನು ಕಳೆಯಬೇಕು. 'ಮೊದಲ ರಾತ್ರಿ' ಅಧ್ಯಾಯ 7:52ರಲ್ಲಿತ್ತು. ಅದಕ್ಕೆ ಮುಂಚೆ ಹೋದದ್ದು 1:19 ಮತ್ತು 1:04, ಒಟ್ಟು 2:23. ಹೊಸದು 5:29. 'ಮಿಲ್ ಕ್ಯಾಂಟೀನ್' 23:10ರಲ್ಲಿತ್ತು. ಅದರಿಂದ ಹೆಸರುಗಳ 1:45ನ್ನೂ ಸೇರಿಸಿ 4:08 ಕಳೆದರೆ 19:02. ಮೊದಲ ಅಧ್ಯಾಯ ಮಾತ್ರ 0:00ರಲ್ಲೇ ಇರಬೇಕು, ಇಲ್ಲದಿದ್ದರೆ ಅಧ್ಯಾಯಗಳೇ ಕಾಣುವುದಿಲ್ಲ. ಜಾಹೀರಾತಿನ ಜಾಗ, ಕೊನೆಯ ಪರದೆ, ಉಪಶೀರ್ಷಿಕೆ ಇವನ್ನೂ ಒಮ್ಮೆ ಓಡಿಸಿ ನೋಡಿ.

ಇಷ್ಟೆಲ್ಲ ಮಾಡಿ ಕೂತಿದ್ದೆ. ಎರಡು ದಿನದ ಮೇಲೆ ಕ್ಯಾಷಿಯರ್ ಮೊಮ್ಮಗಳ ಮೆಸೇಜು: "ಆಂಟಿ, ಅಜ್ಜನ್ನ ತೆಗೆದುಬಿಟ್ರಾ?" ಅವಳ ಹಳೆಯ ಕೊಂಡಿ 20:48ಕ್ಕೆ ಹೋಗುತ್ತದೆ. ಈಗ ಅಲ್ಲಿ ಇರುವುದು ಮೊದಲಿನ 24:56ರ ಮಾತು, ಮಿಲ್ ಗೇಟಿನ ಮುಂದೆ ನಿಂತ ಜನ. ಅಜ್ಜ 18:25ಕ್ಕೆ ಸರಿದಿದ್ದರು. `t=1105` ಅಂತ ಬದಲಿಸಿ ಹೊಸ ಕೊಂಡಿ ಕಳಿಸಿದೆ. ಟಿಪ್ಪಣಿಯ ನಮೂನೆಗೆ ಒಂದು ಸಾಲು ಸೇರಿತು: "ಹಂಚಿಕೊಂಡ ಕೊಂಡಿಗಳು — ಯಾರಿಗೆ ಹೊಸದು ಕಳಿಸಬೇಕು?"